ಓಟಿಪಿ ಹಾಕಿದ ಮೇಲೆ ಪುಟ ಯಾಕೆ ಮರಳುವುದಿಲ್ಲ?

ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರ ಬಂತೆಂದರೆ ಬಸವಕಲ್ಯಾಣದ ಆನ್‌ಲೈನ್ ಸೆಂಟರುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹುಮನಾಬಾದಿನಲ್ಲೂ ಅದೇ ನೋಟ. ಝೆರಾಕ್ಸ್ ಯಂತ್ರದ ಪಕ್ಕ ಒಂದು ಕಂಪ್ಯೂಟರ್, ಅದರ ಮುಂದೆ ಕೂತ ಹುಡುಗ, ಅವನ ಬೆನ್ನ ಹಿಂದೆ ಮಾರ್ಕ್ಸ್ ಕಾರ್ಡು, ಆಧಾರ್, ಫೋನು ಹಿಡಿದು ನಿಂತ ಹತ್ತಾರು ಮಂದಿ. ಕಾರ್ಡಿನ ಅಂಕಿಗಳನ್ನು ಹೊಡೆದಾಯಿತು, ಓಟಿಪಿ ಬಂತು, ಆರು ಅಂಕಿ ಹಾಕಿ ಒತ್ತಿದ್ದೂ ಆಯಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಫೋನಿಗೆ ಮಾತ್ರ ಹಣ ಕಡಿತವಾದ ಸಂದೇಶ ಬಂದು ಬಿದ್ದಿದೆ.

"ಅಣ್ಣಾ, ರೊಕ್ಕ ಕಟ್ ಆಗ್ಯಾವ. ರಸೀದಿ ಎಲ್ಲಿ?"

"ಸರ್ವರ್ ಬಿಜಿ ಅದರಿ. ತಡೀರಿ, ಇನ್ನೊಮ್ಮೆ ಹೊಡಿತೀನಿ."

ಇನ್ನೊಮ್ಮೆ ಹೊಡೆದಾಗ ಕೆಲವರಿಗೆ ರಸೀದಿ ಬರುತ್ತದೆ, ಆದರೆ ಹಣ ಎರಡು ಸಲ ಹೋಗಿರುತ್ತದೆ. ಸರ್ವರ್ ನಿಜಕ್ಕೂ ಬಿಜಿ ಇರುವ ದಿನಗಳು ಇಲ್ಲವೆಂದಲ್ಲ. ಆದರೆ ಬಹಳಷ್ಟು ಸಲ ಸರ್ವರು, ಬ್ಯಾಂಕು, ನೆಟ್‌ವರ್ಕು ಮೂರೂ ಸರಿಯಾಗಿಯೇ ಇರುತ್ತವೆ. ತಪ್ಪು ಆಗಿರುವುದು ಆ ಕಂಪ್ಯೂಟರಿನ ಬ್ರೌಸರ್ ಒಳಗೆ, ಓಟಿಪಿ ಪುಟದಿಂದ ಮರಳಿ ಬರುವ ದಾರಿಯಲ್ಲಿ. ಆ ದಾರಿ ಹೇಗಿದೆ ಎಂದು ತಿಳಿದರೆ, ಹಣ ಹೋಗಿದೆಯೋ ಇಲ್ಲವೋ ಎಂಬುದನ್ನೂ ಸುಮಾರಾಗಿ ಊಹಿಸಬಹುದು.

ಹೋಗುವ ದಾರಿ, ಬರುವ ದಾರಿ

ಕಾರ್ಡಿನಿಂದ ಶುಲ್ಕ ಕಟ್ಟುವಾಗ ನಾವು ಮೂರು ಬೇರೆ ಬೇರೆ ಜಾಗಗಳಿಗೆ ಹೋಗಿರುತ್ತೇವೆ. ಮೊದಲನೆಯದು ಅರ್ಜಿ ತುಂಬಿದ ತಾಣ. 'ಪಾವತಿಸಿ' ಎಂದು ಒತ್ತಿದಾಗ ಆ ತಾಣ ಒಂದು ಆರ್ಡರ್ ಸಂಖ್ಯೆ ಬರೆದುಕೊಂಡು ನಮ್ಮನ್ನು ಪೇಮೆಂಟ್ ಗೇಟ್‌ವೇಗೆ ಕಳಿಸುತ್ತದೆ. ಗೇಟ್‌ವೇ ಕಾರ್ಡಿನ ವಿವರ ಪಡೆದು ಬ್ಯಾಂಕಿನ ಓಟಿಪಿ ಪುಟಕ್ಕೆ ಕಳಿಸುತ್ತದೆ. ಈ ಪುಟವನ್ನು ಅನೇಕ ಬ್ಯಾಂಕುಗಳು ತಾವೇ ನಡೆಸದೆ ಬೇರೆ ಕಂಪನಿಗಳಿಗೆ ವಹಿಸಿರುತ್ತವೆ. ಆದ್ದರಿಂದ ವಿಳಾಸದ ಪಟ್ಟಿಯಲ್ಲಿ ನಿಮ್ಮ ಬ್ಯಾಂಕಿನ ಹೆಸರೇ ಕಾಣದಿರಬಹುದು.

ಓಟಿಪಿ ಸರಿ ಇದ್ದರೆ ಬ್ಯಾಂಕಿನ ಪುಟ ಕಣ್ಣಿಗೆ ಕಾಣದ ಒಂದು ಫಾರ್ಮನ್ನು ತಾನೇ ತುಂಬಿ, ತಾನೇ ಒತ್ತಿ, ಗೇಟ್‌ವೇಗೆ ಕಳಿಸುತ್ತದೆ. ಅದರ ಸಾರ ಇಷ್ಟೇ:

```html
<form method="POST" action="https://gateway.example/return">
  <input type="hidden" name="cres" value="...">
</form>
<script>document.forms[0].submit()</script>
```

ಇದು ಮೊದಲ ಮರುಪ್ರಯಾಣ. ಇದನ್ನು ಕೈಗೆ ಪಡೆದ ಗೇಟ್‌ವೇ ಆಮೇಲೆ ಬ್ಯಾಂಕಿಗೆ ಇನ್ನೊಂದು ಪ್ರಶ್ನೆ ಕೇಳುತ್ತದೆ: ಈ ಖಾತೆಯಿಂದ ಇಷ್ಟು ಹಣ ತೆಗೆಯಬಹುದೆ? ಬ್ಯಾಂಕು ಒಪ್ಪಿದಾಗಲೇ ಹಣ ಕಡಿತವಾಗುವುದು. ಅಂದರೆ ಕಾರ್ಡಿನ ವ್ಯವಹಾರದಲ್ಲಿ ಓಟಿಪಿ ಹಾಕಿದ ಕ್ಷಣಕ್ಕೆ ಹಣ ಹೋಗುವುದಿಲ್ಲ. ಓಟಿಪಿ 'ಇದು ನಾನೇ' ಎಂದು ತೋರಿಸುತ್ತದೆ ಅಷ್ಟೆ. ಹಣ ತೆಗೆಯುವ ಹೆಜ್ಜೆ ಅದರ ನಂತರದ್ದು.

ಹಣ ತೆಗೆದಾದ ಮೇಲೆ ಗೇಟ್‌ವೇ ನಮ್ಮನ್ನು ಅರ್ಜಿಯ ತಾಣಕ್ಕೆ ಮರಳಿಸುತ್ತದೆ. ಅದು ಎರಡನೆಯ ಮರುಪ್ರಯಾಣ. ಅದು ಮುಗಿದಾಗ ರಸೀದಿ ಕಾಣುತ್ತದೆ.

ನನ್ನ ಪ್ರಕಾರ ಈ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿಯೇ ಇದು. ಪುಟ ಸಿಕ್ಕಿಬಿದ್ದಾಗ ಕೇಳಬೇಕಾದದ್ದು ಯಾವ ಮರುಪ್ರಯಾಣ ಮುರಿಯಿತು ಎಂದು. ಬ್ಯಾಂಕಿನ ಪುಟದಿಂದ ಗೇಟ್‌ವೇಗೆ ಬರುವುದು ಮುರಿದಿದ್ದರೆ ಸಾಮಾನ್ಯವಾಗಿ ಕಾರ್ಡಿನಿಂದ ಹಣ ಹೋಗಿರುವುದಿಲ್ಲ. ಗೇಟ್‌ವೇಯಿಂದ ತಾಣಕ್ಕೆ ಬರುವುದು ಮುರಿದಿದ್ದರೆ ಹಣ ಹೋಗಿರುತ್ತದೆ, ರಸೀದಿ ಮಾತ್ರ ಕಾಣುವುದಿಲ್ಲ. ನೆಟ್ ಬ್ಯಾಂಕಿಂಗ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಹಣ ತೆಗೆಯುವುದು ಬ್ಯಾಂಕಿನ ಪುಟದಲ್ಲೇ ನಡೆಯುತ್ತದೆ. ಹಾಗಾಗಿ ಮೊದಲ ಮರುಪ್ರಯಾಣ ಮುರಿದರೂ ಹಣ ಹೋಗಿರಬಹುದು.

ಈ ಸುತ್ತಾಟ ನಮಗೆ ಬಂದದ್ದು

2009ರ ಆಗಸ್ಟ್ 1ರಿಂದ ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ ಇನ್ನೊಂದು ಗುರುತಿನ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಕಾರ್ಡಿನ ಮೇಲೆ ಅಚ್ಚಾಗಿರುವ ಅಂಕಿಗಳಷ್ಟೇ ಸಾಲದು, ಕಾರ್ಡಿನ ಮಾಲೀಕರಿಗೆ ಮಾತ್ರ ಗೊತ್ತಿರುವ ಇನ್ನೊಂದು ಸಂಗತಿ ಬೇಕು ಎಂಬುದು ನಿಯಮ. ಮೊದಮೊದಲು ಅದು ನಾವೇ ಇಟ್ಟುಕೊಳ್ಳುವ ಪಾಸ್‌ವರ್ಡ್ ಆಗಿತ್ತು. ಆಮೇಲೆ ಫೋನಿಗೆ ಬರುವ ಓಟಿಪಿ ಆ ಜಾಗಕ್ಕೆ ಬಂತು.

ಅದು ಒಳ್ಳೆಯ ನಿಯಮ. ಕದ್ದ ಕಾರ್ಡಿನ ಅಂಕಿಗಳಿಂದ ಇಲ್ಲಿನ ತಾಣಗಳಲ್ಲಿ ಖರೀದಿ ಮಾಡುವುದು ಅದರಿಂದ ಕಷ್ಟವಾಯಿತು. ಆದರೆ ಬೇರೆ ಕೆಲವು ದೇಶಗಳಲ್ಲಿ ಕಾರ್ಡಿನ ಅಂಕಿ ಹೊಡೆದರೆ ಅದೇ ಪುಟದಲ್ಲಿ ಕೆಲಸ ಮುಗಿಯುತ್ತಿದ್ದ ವರ್ಷಗಳಲ್ಲಿ, ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿ ಪಾವತಿಯೂ ಬ್ಯಾಂಕಿನ ತನಕ ಹೋಗಿ ಬರಬೇಕಾಯಿತು. ಹಾಗಾಗಿ ಒಂದು ತಾಣದಿಂದ ಇನ್ನೊಂದಕ್ಕೆ ಹಾರುವ ದಾರಿಯ ಮೇಲೆ ಬ್ರೌಸರುಗಳು ಕಾವಲು ಬಿಗಿ ಮಾಡಿದಾಗ ಪೆಟ್ಟು ಬಿದ್ದವರಲ್ಲಿ ನಾವೂ ಇದ್ದೆವು.

ಕುಕಿ ಎಂಬ ಬಿಲ್ಲೆ

ಕಾವಲು ಬಿಗಿಯಾದದ್ದು ಕುಕಿಯ ಮೇಲೆ. ಹುಮನಾಬಾದಿನ ವೀರಭದ್ರೇಶ್ವರ ಗುಡಿಗೆ ಹೋದವರು ಚಪ್ಪಲಿ ಬಿಟ್ಟು ಬಿಲ್ಲೆ ಇಸಿದುಕೊಂಡು ಒಳಗೆ ಹೋಗುತ್ತಾರೆ ಎಂದುಕೊಳ್ಳಿ. ಮರಳಿ ಬಂದಾಗ ಕಾಯುವವನು ಮುಖ ನೋಡುವುದಿಲ್ಲ, ಬಿಲ್ಲೆ ಕೇಳುತ್ತಾನೆ. ಲಾಗಿನ್ ಆದ ಕೂಡಲೇ ತಾಣವೊಂದು ನಮ್ಮ ಬ್ರೌಸರಿಗೆ ಕೊಡುವ ಸಣ್ಣ ಬರಹವೇ ಕುಕಿ. ಪ್ರತಿ ಸಲ ಆ ತಾಣಕ್ಕೆ ಏನನ್ನಾದರೂ ಕೇಳುವಾಗ ಬ್ರೌಸರ್ ಅದನ್ನು ಜೊತೆಗೆ ಕಳಿಸುತ್ತದೆ. ಕುಕಿ ಬಂದರೆ 'ಇವರು ಆಗ ಅರ್ಜಿ ತುಂಬಿದವರು' ಎಂದು ತಾಣಕ್ಕೆ ಗೊತ್ತಾಗುತ್ತದೆ. ಬರದಿದ್ದರೆ ನಾವು ಅದಕ್ಕೆ ಹೊಸಬರು.

ಬ್ಯಾಂಕಿನಿಂದ, ಗೇಟ್‌ವೇಯಿಂದ ಮರಳಿ ಬರುವಾಗ ಈ ಕುಕಿ ಜೊತೆಗೆ ಬರಬೇಕೋ ಬೇಡವೋ ಎಂಬುದೇ ಪ್ರಶ್ನೆ. ಬಹಳ ವರ್ಷ ಬ್ರೌಸರುಗಳು ಅದನ್ನು ಕೇಳದೆ ಕಳಿಸುತ್ತಿದ್ದವು. ಇದರಿಂದ ಅಪಾಯವೂ ಇತ್ತು. ಯಾವುದೋ ಕೆಟ್ಟ ತಾಣ ಮೇಲೆ ತೋರಿಸಿದಂಥದ್ದೇ ಕಾಣದ ಫಾರ್ಮೊಂದನ್ನು ನಿಮ್ಮ ಹೆಸರಿನಲ್ಲಿ ಇನ್ನೊಂದು ತಾಣಕ್ಕೆ ಕಳಿಸಿದರೆ, ನಿಮ್ಮ ಕುಕಿಯೂ ಜೊತೆಗೆ ಹೋಗಿ, ಅದನ್ನು ನೀವೇ ಕಳಿಸಿದಂತೆ ಆಗಿಬಿಡುತ್ತಿತ್ತು.

ಅದನ್ನು ತಡೆಯಲು ಕ್ರೋಮ್ 2020ರ ಫೆಬ್ರವರಿಯಲ್ಲಿ ನಿಯಮ ಬದಲಿಸಿತು. ಕುಕಿ ಕೊಡುವಾಗಲೇ ತಾಣ ಅದನ್ನು ಹೊರಗಿನಿಂದ ಬರುವಾಗಲೂ ಕಳಿಸಬಹುದೆಂದು ಸ್ಪಷ್ಟವಾಗಿ ಬರೆದಿರಬೇಕು. ಬರೆಯದಿದ್ದರೆ, ಬೇರೆ ತಾಣದಿಂದ ಫಾರ್ಮಿನ ಮೂಲಕ ಬರುವ ಬೇಡಿಕೆಯ ಜೊತೆ ಕ್ರೋಮ್ ಆ ಕುಕಿಯನ್ನು ಕಳಿಸುವುದಿಲ್ಲ. ಕೋವಿಡ್ ಲಾಕ್‌ಡೌನ್ ಬಂದಾಗ, ಬ್ಯಾಂಕಿಂಗ್, ದಿನಸಿ, ಸರ್ಕಾರಿ ಸೇವೆಗಳಂಥ ತಾಣಗಳು ಕೈಕೊಡಬಾರದೆಂದು ಗೂಗಲ್ ಏಪ್ರಿಲ್‌ನಲ್ಲಿ ಈ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಜುಲೈ 14ರಿಂದ ಮತ್ತೆ ಹಂತಹಂತವಾಗಿ ಜಾರಿಗೆ ತಂದಿತು. ದೊಡ್ಡ ಕಂಪನಿಗಳ ತಾಣಗಳು ಆ ಹೊತ್ತಿಗೆ ತಿದ್ದಿಕೊಂಡಿದ್ದವು. ಒಮ್ಮೆ ಮಾಡಿಸಿ ಬಿಟ್ಟ ಸಣ್ಣ ಸಂಸ್ಥೆಗಳ ತಾಣಗಳಿಗೆ ತಿದ್ದುವವರು ಯಾರು?

ಎರಡು ನಿಮಿಷದ ವಿನಾಯಿತಿ

ಪಾವತಿ ತಾಣಗಳು ಹೀಗೆ ಒಮ್ಮೆಲೇ ಮುರಿಯುತ್ತವೆಂದು ತಿಳಿದೇ ಕ್ರೋಮ್ ಒಂದು ವಿನಾಯಿತಿ ಇಟ್ಟಿತು. ಏನೂ ಬರೆಯದ ಕುಕಿಯನ್ನು ಕೊಟ್ಟು ಎರಡು ನಿಮಿಷದೊಳಗೆ ಮರಳಿ ಬಂದರೆ ಕ್ರೋಮ್ ಅದನ್ನು ಕಳಿಸುತ್ತದೆ. ಎರಡು ನಿಮಿಷ ದಾಟಿದರೆ ಇಲ್ಲ.

ನಮ್ಮ ಕಡೆ ಇದರ ಪರಿಣಾಮ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಹುಮನಾಬಾದಿನ ಸೆಂಟರೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು 1,250 ರೂಪಾಯಿ ಶುಲ್ಕ ಕಟ್ಟುತ್ತಿದ್ದಾಳೆ ಎಂದುಕೊಳ್ಳೋಣ. ಆ ತಾಣ 'ಪಾವತಿಸಿ' ಒತ್ತಿದಾಗ ಹೊಸ ಕುಕಿ ಕೊಡುವಂಥದ್ದು, ಅದರ ಮೇಲೆ ಏನೂ ಬರೆದಿಲ್ಲ. 11 ಗಂಟೆ 12 ನಿಮಿಷಕ್ಕೆ ಸರಿಯಾಗಿ ಒತ್ತಿದಳು. ಕಾರ್ಡಿನ ಅಂಕಿ ಹೊಡೆಯಲು ಮುಕ್ಕಾಲು ನಿಮಿಷ. ಓಟಿಪಿ ಇಪ್ಪತ್ತು ಸೆಕೆಂಡಿನಲ್ಲಿ ಬಂತು. ಅದನ್ನು ಹಾಕಿ, ಎರಡೂ ಮರುಪ್ರಯಾಣ ಮುಗಿದು ತಾಣಕ್ಕೆ ಬಂದಾಗ ಒತ್ತಿ ಒಂದೂವರೆ ನಿಮಿಷವಾಗಿತ್ತು. ಕುಕಿ ಜೊತೆಗೆ ಬಂತು, ರಸೀದಿ ಬಂತು.

ಮರುದಿನ ಅವಳ ತಮ್ಮ ಅದೇ ಕಂಪ್ಯೂಟರಿನಲ್ಲಿ, ಅದೇ ಕಾರ್ಡಿನಿಂದ, ಅದೇ ಶುಲ್ಕ ಕಟ್ಟುತ್ತಾನೆ. ಈ ಸಲ ಓಟಿಪಿ ತಡವಾಯಿತು. ಕಾರ್ಡು ಅಪ್ಪನದು, ಫೋನು ಹೊಲದಲ್ಲಿರುವ ಅಪ್ಪನ ಹತ್ತಿರ. ಕರೆ ಮಾಡಿ ಕೇಳಿ, ಮತ್ತೊಮ್ಮೆ ಕಳಿಸಲು ಒತ್ತಿ, ಅಂತೂ ಓಟಿಪಿ ಹಾಕಿದರು. ಓಟಿಪಿಯ ಅವಧಿ ಮುಗಿದಿರಲಿಲ್ಲ. ಬ್ಯಾಂಕು ಒಪ್ಪಿತು, ಗೇಟ್‌ವೇ ಹಣ ತೆಗೆಯಿತು. ಆದರೆ ತಾಣಕ್ಕೆ ಮರಳುವ ಹೊತ್ತಿಗೆ 'ಪಾವತಿಸಿ' ಒತ್ತಿ 2 ನಿಮಿಷ 40 ಸೆಕೆಂಡ್ ಆಗಿತ್ತು. ಕ್ರೋಮ್ ಕುಕಿಯನ್ನು ಕಳಿಸಲಿಲ್ಲ. ತಾಣ ಅವನನ್ನು ಗುರುತಿಸದೆ ಲಾಗಿನ್ ಪುಟ ತೋರಿಸಿತು.

ಇದರ ಮೇಲೆ ಇನ್ನೊಂದು ಅನರ್ಥವೂ ಆಗುತ್ತದೆ. ಕುಕಿ ಇಲ್ಲದೆ ಬಂದವರನ್ನು ಹೊಸಬರೆಂದು ತಿಳಿದು ಎಷ್ಟೋ ತಾಣಗಳು ಆಗಿಂದಾಗಲೇ ಹೊಸ ಕುಕಿ ಕೊಟ್ಟುಬಿಡುತ್ತವೆ. ಅದು ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ. ಆಮೇಲೆ ಹಿಂದಿನ ಪುಟಕ್ಕೆ ಹೋದರೂ, ರಿಫ್ರೆಶ್ ಮಾಡಿದರೂ ಹಳೆಯ ಲಾಗಿನ್ ಸಿಗುವುದಿಲ್ಲ.

ಅಕ್ಕನದು ಸಲೀಸಾಗಿ ಆಯಿತು, ತಮ್ಮನದು ಆಗಲಿಲ್ಲ. ಹೊರಗಿನಿಂದ ನೋಡಿದವರಿಗೆ ಇದು ಸರ್ವರಿನ ಮರ್ಜಿಯಂತೆ ಕಾಣುತ್ತದೆ. ನಿಜದಲ್ಲಿ ಓಟಿಪಿ ಎಷ್ಟು ಬೇಗ ಕೈಗೆ ಬಂತು ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಫೋನು ಒಂದು ಕಡೆ, ಕಾರ್ಡು ಇನ್ನೊಂದು ಕಡೆ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ದುಡಿಯಲು ಹೈದರಾಬಾದಿಗೋ ಪುಣೆಗೋ ಹೋದ ಮಗನ ಫೋನಿಗೆ ಓಟಿಪಿ ಬಂದು, ಅವನು ಕೆಲಸದ ನಡುವೆ ಅದನ್ನು ನೋಡಿ ಹೇಳುವಷ್ಟರಲ್ಲಿ ಎರಡು ನಿಮಿಷ ಎಲ್ಲಿಗೂ ಸಾಲುವುದಿಲ್ಲ.

ಇಂಥ ತಾಣವನ್ನು ಪತ್ತೆ ಹಚ್ಚಲು ಒಂದು ಸುಲಭ ದಾರಿ ಇದೆ. ಫೈರ್‌ಫಾಕ್ಸ್ ಏನೂ ಬರೆಯದ ಕುಕಿಗಳ ಮೇಲೆ ಈ ನಿಯಮವನ್ನು ತಾನಾಗಿ ಹೇರಿಲ್ಲ. ಕ್ರೋಮ್‌ನಲ್ಲಿ ತಡವಾದಾಗಲೆಲ್ಲ ಲಾಗಿನ್ ಪುಟಕ್ಕೆ ಬೀಳುವ ತಾಣ ಫೈರ್‌ಫಾಕ್ಸ್‌ನಲ್ಲಿ ನೆಟ್ಟಗೆ ರಸೀದಿ ಕೊಟ್ಟರೆ, ತಪ್ಪು ತಾಣದ ಕುಕಿಯದ್ದೇ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ಸೆಂಟರಿನ ಕಂಪ್ಯೂಟರ್

ಎರಡನೆಯ ಬಗೆಯ ತೊಂದರೆ ಬ್ರೌಸರನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದರಿಂದ ಬರುತ್ತದೆ. ಕೆಲವು ತಾಣಗಳಲ್ಲಿ ಪಾವತಿಯ ಚೌಕ ಅದೇ ಪುಟದ ಮೇಲೆ ತೆರೆದುಕೊಳ್ಳುತ್ತದೆ. ವಿಳಾಸದ ಪಟ್ಟಿಯಲ್ಲಿ ಅರ್ಜಿಯ ತಾಣದ ಹೆಸರೇ ಇರುತ್ತದೆ, ಆದರೆ ಚೌಕದೊಳಗೆ ಇರುವುದು ಗೇಟ್‌ವೇಯ ಪುಟ, ಕೆಲವೊಮ್ಮೆ ಬ್ಯಾಂಕಿನದೂ. ಹೀಗೆ ಒಂದು ತಾಣದೊಳಗೆ ಕೂತ ಇನ್ನೊಂದು ತಾಣದ ಕುಕಿಯನ್ನು ಬ್ರೌಸರ್ 'ಥರ್ಡ್ ಪಾರ್ಟಿ ಕುಕಿ' ಎನ್ನುತ್ತದೆ. ಜಾಹೀರಾತಿನವರು ನಮ್ಮನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸುವುದು ಇವುಗಳಿಂದಲೇ. ಆದ್ದರಿಂದ ಆಪಲ್‌ನ ಸಫಾರಿ 2020ರ ಮಾರ್ಚ್‌ನಿಂದ ಇವನ್ನು ಪೂರ್ತಿ ತಡೆಯುತ್ತದೆ. ಬ್ರೇವ್ ಕೂಡ ತಡೆಯುತ್ತದೆ. ಕ್ರೋಮ್ ಮಾಮೂಲಿ ಕಿಟಕಿಯಲ್ಲಿ ತಾನಾಗಿ ತಡೆಯುವುದಿಲ್ಲ, ಇನ್‌ಕಾಗ್ನಿಟೋ ಕಿಟಕಿಯಲ್ಲಿ ತಡೆಯುತ್ತದೆ.

ಇಲ್ಲೇ ಸೆಂಟರುಗಳಿಗೆ ತೊಂದರೆ. ಒಬ್ಬ ಗಿರಾಕಿಯ ಪಾಸ್‌ವರ್ಡು ಇನ್ನೊಬ್ಬನಿಗೆ ಕಾಣಬಾರದೆಂದು ಜವಾಬ್ದಾರಿಯುಳ್ಳ ಹುಡುಗರು ಪ್ರತಿಯೊಬ್ಬರಿಗೂ ಇನ್‌ಕಾಗ್ನಿಟೋ ಕಿಟಕಿ ತೆರೆಯುತ್ತಾರೆ. ಉದ್ದೇಶ ಸರಿಯಾದದ್ದೇ. ಆದರೆ ಚೌಕದೊಳಗಿನ ಓಟಿಪಿ ಪುಟ ಅಲ್ಲಿ ತನ್ನ ಕುಕಿಯನ್ನು ಕಳೆದುಕೊಂಡು, ಓಟಿಪಿ ಒತ್ತಿದ ಕೂಡಲೇ ಅವಧಿ ಮುಗಿಯಿತು ಎಂದು ನಿಲ್ಲುತ್ತದೆ. ಪಾವತಿಗೆಂದೇ ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿ, ಅದರಲ್ಲಿ ಯಾವ ಎಕ್ಸ್‌ಟೆನ್ಷನ್ನೂ ಹಾಕದೆ, ಪಾಸ್‌ವರ್ಡ್ ಉಳಿಸುವುದನ್ನು ನಿಲ್ಲಿಸಿ, ಪ್ರತಿ ಗಿರಾಕಿಯ ಕೆಲಸ ಮುಗಿದ ಮೇಲೆ ಬ್ರೌಸಿಂಗ್ ಡೇಟಾ ಅಳಿಸುವುದು ಇದಕ್ಕಿಂತ ಒಳ್ಳೆಯದು. ಅವಸರದ ದಿನಗಳಲ್ಲಿ ಇದು ಇನ್ನೊಂದು ಕೆಲಸ ಎನಿಸುತ್ತದೆ, ನಿಜ. ಆದರೆ ಎರಡು ಸಲ ಕಟ್ಟಿದ ಹಣದ ಬೆನ್ನು ಹತ್ತುವುದಕ್ಕೆ ಹೋಲಿಸಿದರೆ ಕಡಿಮೆ ಕೆಲಸ.

ಎಕ್ಸ್‌ಟೆನ್ಷನ್ ಎಂದೆ. ಸಿನಿಮಾ ಇಳಿಸುವುದಕ್ಕೆ, ಜಾಹೀರಾತು ತಡೆಯುವುದಕ್ಕೆ ಎಂದು ಸೆಂಟರಿನ ಬ್ರೌಸರಿನಲ್ಲಿ ಹಲವು ಸೇರಿಕೊಂಡಿರುತ್ತವೆ. ಇವುಗಳಲ್ಲಿ ಜಾಹೀರಾತು ತಡೆಯುವ ಬ್ಲಾಕರು ತಡೆಯಬೇಕಾದ ವಿಳಾಸಗಳ ಉದ್ದದ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಬ್ಯಾಂಕಿನ ಓಟಿಪಿ ವ್ಯವಸ್ಥೆ ವಂಚನೆ ಪತ್ತೆಗಾಗಿ ನಮ್ಮ ಬ್ರೌಸರಿನ ಗುರುತುಗಳನ್ನು ಸಂಗ್ರಹಿಸುತ್ತದೆ. ಜಾಹೀರಾತಿನವರೂ ಅದನ್ನೇ ಮಾಡುತ್ತಾರೆ. ಎರಡನ್ನೂ ಬೇರೆ ಮಾಡಿ ನೋಡಲು ಬ್ಲಾಕರಿಗೆ ಬರುವುದಿಲ್ಲ. ಬೇಕಾದ ಸ್ಕ್ರಿಪ್ಟೊಂದು ತಡೆಗೆ ಸಿಕ್ಕಿದರೆ, ಮೇಲೆ ತೋರಿಸಿದ ಫಾರ್ಮನ್ನು ಒತ್ತುವ ಕೊನೆಯ ಸಾಲು ಓಡುವುದೇ ಇಲ್ಲ. ಚಕ್ರ ತಿರುಗುತ್ತ ಇರುತ್ತದೆ.

ಇದಕ್ಕೆ ಖಚಿತ ಗುರುತಿದೆ. ಪುಟ ನಿಂತಲ್ಲೇ ಕೀಲಿಮಣೆಯಲ್ಲಿ F12 ಒತ್ತಿ Console ಎಂಬ ಭಾಗ ನೋಡಿ. ಅಲ್ಲಿ ಕೆಂಪು ಅಕ್ಷರದಲ್ಲಿ `net::ERR_BLOCKED_BY_CLIENT` ಎಂದಿದ್ದರೆ, ತಡೆದದ್ದು ಬ್ಯಾಂಕೂ ಅಲ್ಲ ಸರ್ವರೂ ಅಲ್ಲ, ಇದೇ ಬ್ರೌಸರಿನೊಳಗಿನ ಬ್ಲಾಕರ್. ಆ ತಾಣಕ್ಕೆ ಮಾತ್ರ ಅದನ್ನು ಆರಿಸಿದರೆ ಸಾಕು. ಹಾಗೆ ಆರಿಸುವುದು ಪಾವತಿ ಶುರು ಮಾಡುವ ಮೊದಲು. ನಡುವೆ ಆರಿಸಿ ಪುಟ ರಿಫ್ರೆಶ್ ಮಾಡಿದರೆ ಓಟಿಪಿ ಪುಟವೇ ಮುರಿಯಬಹುದು.

ಮೊಬೈಲಿನಲ್ಲಿ ಇನ್ನೊಂದು ಬಗೆ. ಜಾಹೀರಾತು ಬರದಂತೆ ಮಾಡುವ ಉಪಾಯವೆಂದು ವಿಡಿಯೋ ನೋಡಿದ ಅನೇಕರು ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ Private DNS ಜಾಗದಲ್ಲಿ `dns.adguard.com` ಎಂಬಂಥ ಹೆಸರು ಬರೆದಿರುತ್ತಾರೆ, ಆಮೇಲೆ ಮರೆತಿರುತ್ತಾರೆ. ಅದು ಬ್ರೌಸರಿಗಷ್ಟೇ ಅಲ್ಲ, ಇಡೀ ಫೋನಿಗೆ ಅನ್ವಯಿಸುತ್ತದೆ. ಬ್ರೌಸರ್ ಬದಲಿಸಿದರೂ ಅದೇ ಪುಟ ಅದೇ ಜಾಗದಲ್ಲಿ ನಿಂತರೆ ಈ ಸೆಟ್ಟಿಂಗನ್ನು Automatic ಎಂದು ಮಾಡಿ ನೋಡಬೇಕು.

ಹೊಸ ಕಿಟಕಿಯಲ್ಲಿ ಓಟಿಪಿ ಪುಟ ತೆರೆಯುವ ತಾಣಗಳೂ ಇವೆ. ಪಾಪ್-ಅಪ್ ತಡೆ ಇದ್ದರೆ ಆ ಕಿಟಕಿ ತೆರೆಯುವುದೇ ಇಲ್ಲ. ವಿಳಾಸದ ಪಟ್ಟಿಯ ಬಲತುದಿಯಲ್ಲಿ ಸಣ್ಣ ಗುರುತೊಂದು ಕಾಣುತ್ತದೆ, ಅಲ್ಲಿ ಅನುಮತಿ ಕೊಟ್ಟರೆ ಸರಿಹೋಗುತ್ತದೆ. ಪುಟ ನಿಂತಿದೆಯೆಂದು ಹಿಂದಿನ ಕಿಟಕಿಯನ್ನು ಮುಚ್ಚಿದರೆ ಮಾತ್ರ ಓಟಿಪಿ ಕಿಟಕಿಗೆ ಮರಳುವ ಜಾಗವೇ ಇರುವುದಿಲ್ಲ.

ಸಿಕ್ಕಿಬಿದ್ದಾಗ ಮೊದಲು ನೋಡುವುದು

ಚಕ್ರ ತಿರುಗುತ್ತಿರುವಾಗ ಎಲ್ಲಕ್ಕಿಂತ ಮೊದಲು ವಿಳಾಸದ ಪಟ್ಟಿಯನ್ನು ನೋಡಿ, ಫೋಟೋ ತೆಗೆದುಕೊಳ್ಳಿ. ವಿಳಾಸ ಬ್ಯಾಂಕಿನ ಓಟಿಪಿ ಪುಟದ್ದೇ ಆಗಿದ್ದು, ಹಣ ಕಡಿತದ ಸಂದೇಶ ಬಂದಿಲ್ಲದಿದ್ದರೆ ಮೊದಲ ಮರುಪ್ರಯಾಣ ಮುರಿದಿದೆ. ಕಾರ್ಡಿನ ಪಾವತಿಯಾಗಿದ್ದರೆ ಹಣ ಹೋಗಿರುವ ಸಾಧ್ಯತೆ ಕಡಿಮೆ. ವಿಳಾಸ ಅರ್ಜಿಯ ತಾಣದ್ದಾಗಿ, ಲಾಗಿನ್ ಪುಟವೋ ಖಾಲಿ ಪುಟವೋ ಕಾಣುತ್ತಿದ್ದು, ಹಣದ ಸಂದೇಶ ಬಂದಿದ್ದರೆ ಎರಡನೆಯದು ಮುರಿದಿದೆ. ಈ ಸಂದರ್ಭದಲ್ಲಿ ಮತ್ತೊಮ್ಮೆ ಪಾವತಿಸಬಾರದು.

ಸಂದೇಶವೂ ತಡವಾಗಬಹುದು. ಆದ್ದರಿಂದ ಬ್ಯಾಂಕಿನ ಆ್ಯಪ್‌ನಲ್ಲೇ ಖಾತೆಯ ಕೊನೆಯ ವ್ಯವಹಾರಗಳನ್ನು ನೋಡುವುದು ಮೇಲು. ಆಮೇಲೆ ಹೊಸದಾಗಿ ಲಾಗಿನ್ ಆಗಿ, ಪಾವತಿಯ ಸ್ಥಿತಿ ತಿಳಿಯುವ ಆಯ್ಕೆ ತಾಣದಲ್ಲಿ ಇದೆಯೇ ಎಂದು ಹುಡುಕಬೇಕು. ಚೆನ್ನಾಗಿ ಕಟ್ಟಿದ ತಾಣಗಳಿಗೆ ಗೇಟ್‌ವೇ ನಮ್ಮ ಬ್ರೌಸರಿನ ಹಂಗಿಲ್ಲದೆ, ಸರ್ವರಿನಿಂದ ಸರ್ವರಿಗೆ ನೇರವಾಗಿಯೂ ಹಣ ಬಂದ ಸುದ್ದಿ ಕಳಿಸುತ್ತದೆ. ಅಂಥ ತಾಣದಲ್ಲಿ ಸ್ವಲ್ಪ ಹೊತ್ತಿನ ನಂತರ ರಸೀದಿ ತಾನಾಗಿ ಕಾಣಿಸುತ್ತದೆ.

ಈ ಹೊತ್ತಿನಲ್ಲಿ ಗಾಬರಿಗೊಂಡವರು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಮೋಸಗಾರರು ಕಾಯುವುದೂ ಇದಕ್ಕೇ. ನಂಬರನ್ನು ಕಾರ್ಡಿನ ಹಿಂಬದಿಯಿಂದ ಅಥವಾ ಬ್ಯಾಂಕಿನ ಆ್ಯಪ್‌ನಿಂದ ಮಾತ್ರ ತೆಗೆದುಕೊಳ್ಳಬೇಕು. ಹಣ ಮರಳಿಸಲು ಯಾರಿಗೂ ನಿಮ್ಮ ಓಟಿಪಿ ಬೇಕಾಗುವುದಿಲ್ಲ. ಮೋಸ ಆಗಿಯೇ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಹೋದ ಹಣ ಯಾವಾಗ ಬರುತ್ತದೆ

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಇದಕ್ಕೆ ಗಡುವು ಹಾಕಿದೆ. ಖಾತೆಯಿಂದ ಹಣ ಹೋಗಿ, ವ್ಯಾಪಾರಿಯ ವ್ಯವಸ್ಥೆಗೆ ಅದರ ಖಾತರಿ ತಲುಪದಿದ್ದರೆ, ವ್ಯವಹಾರದ ದಿನದ ನಂತರ 5 ದಿನದೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು, ಅದೂ ಗ್ರಾಹಕರು ದೂರು ಕೊಡುವವರೆಗೆ ಕಾಯದೆ. ಇಲ್ಲಿ ಐದು ದಿನ ಎಂದರೆ ಕ್ಯಾಲೆಂಡರಿನ ದಿನಗಳು. ರಜೆಯೆಂದು ಕಳೆಯುವಂತಿಲ್ಲ.

ಆದರೆ ಇದಕ್ಕೊಂದು ಮಿತಿ ಇದೆ, ಅದನ್ನು ಅನೇಕರು ತಡವಾಗಿ ತಿಳಿಯುತ್ತಾರೆ. ಮೇಲಿನ ತಮ್ಮನ ಪ್ರಕರಣದಲ್ಲಿ ಹಣ ಸಂಸ್ಥೆಗೆ ಸೇರಿದ್ದು ಗೇಟ್‌ವೇಯಿಂದ ನೇರವಾಗಿ ತಿಳಿದಿದ್ದರೆ, ಬ್ಯಾಂಕಿನ ಕಣ್ಣಿಗೆ ಅದು ಯಶಸ್ವಿ ವ್ಯವಹಾರ. ರಸೀದಿ ಕಾಣದೆ ಅವನು ಎರಡನೆಯ ಸಲ ಕಟ್ಟಿದರೆ ಅದೂ ಯಶಸ್ವಿ. ಆಗ ಐದು ದಿನದ ನಿಯಮ ಕೆಲಸಕ್ಕೆ ಬರುವುದಿಲ್ಲ. ಹೆಚ್ಚುವರಿ 1,250 ರೂಪಾಯಿಯನ್ನು ಆ ಸಂಸ್ಥೆಯನ್ನೇ ಕೇಳಿ ಪಡೆಯಬೇಕು. ಕೇಳುವಾಗ ಎರಡೂ ಆರ್ಡರ್ ಸಂಖ್ಯೆ, ದಿನ, ಸಮಯ ಮತ್ತು ಬ್ಯಾಂಕು ಕೊಡುವ 12 ಅಂಕಿಯ ಉಲ್ಲೇಖ ಸಂಖ್ಯೆ ಕೈಯಲ್ಲಿರಬೇಕು. ಬರೀ 'ರೊಕ್ಕ ಕಟ್ ಆಗ್ಯಾವ' ಎಂದರೆ ಹುಡುಕುವವರಿಗೂ ಹಿಡಿತ ಸಿಗುವುದಿಲ್ಲ.

ಬ್ಯಾಂಕಿನಿಂದ ಬರಬೇಕಾದ ಹಣವಾದರೆ ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, `cms.rbi.org.in` ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ.

ತಿದ್ದಬೇಕಾದವರು

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಹೇಳಲೇಬೇಕು. ಕುಕಿ, ಬ್ಲಾಕರ್, ಎರಡು ನಿಮಿಷ ಎಂದು ಲೆಕ್ಕ ಹಾಕುವ ಭಾರ ಶುಲ್ಕ ಕಟ್ಟಲು ಬಂದ ತಾಯಿಯ ಮೇಲಾಗಲಿ ಸೆಂಟರಿನ ಹುಡುಗನ ಮೇಲಾಗಲಿ ಬೀಳಬಾರದಿತ್ತು. ಈ ತೊಂದರೆಯ ದೊಡ್ಡ ಪಾಲನ್ನು ತಾಣ ಕಟ್ಟಿದವರು ಒಂದು ಮಧ್ಯಾಹ್ನದಲ್ಲಿ ತಿದ್ದಬಹುದು. ನಮ್ಮ ತಾಲೂಕುಗಳ ಕಾಲೇಜು, ಸಹಕಾರ ಸಂಘ, ಟ್ರಸ್ಟುಗಳು ತಮಗೆ ತಾಣ ಮಾಡಿಕೊಟ್ಟವರನ್ನು ಕರೆದು ಕೇಳಬೇಕಾದದ್ದು ಬಹಳವಿಲ್ಲ.

ಪಾವತಿಯಿಂದ ಮರಳುವಾಗ ಬೇಕಾಗುವ ಕುಕಿಯ ಮೇಲೆ ಹೀಗೆ ಬರೆದರೆ ಕ್ರೋಮ್ ಅದನ್ನು ಎಷ್ಟು ತಡವಾದರೂ ಕಳಿಸುತ್ತದೆ:

```
Set-Cookie: SESSID=...; Path=/; Secure; HttpOnly; SameSite=None
```

ಇದರಲ್ಲಿ `Secure` ಬಿಟ್ಟರೆ ಕ್ರೋಮ್ ಕುಕಿಯನ್ನೇ ತಿರಸ್ಕರಿಸುತ್ತದೆ. ತಾಣ `https` ನಲ್ಲಿ ಇರಲೇಬೇಕು. ಆದರೆ ಈ ಸಾಲು ಮೊದಲು ಹೇಳಿದ ಕಳ್ಳ ಫಾರ್ಮಿನ ಅಪಾಯಕ್ಕೆ ಮತ್ತೆ ಬಾಗಿಲು ತೆರೆಯುತ್ತದೆ. ತಾಣದ ಬೇರೆ ಫಾರ್ಮುಗಳಿಗೆ ಪ್ರತ್ಯೇಕ ಕಾವಲು ಇಲ್ಲದಿದ್ದರೆ ಇದನ್ನು ಹಾಕಬಾರದು.

ಅದಕ್ಕಿಂತ ಗಟ್ಟಿಯಾದ ದಾರಿ ಇನ್ನೊಂದು. ಗೇಟ್‌ವೇಯಿಂದ ಫಾರ್ಮ್ ಬಂದಾಗ ಕುಕಿಯನ್ನು ಕೇಳಲೇಬಾರದು. ಅದರಲ್ಲಿ ಆರ್ಡರ್ ಸಂಖ್ಯೆ ಇರುತ್ತದೆ, ನಕಲಿ ಅಲ್ಲವೆಂದು ತೋರಿಸುವ ಗೇಟ್‌ವೇಯ ಸಹಿಯೂ ಇರುತ್ತದೆ. ಸಹಿಯನ್ನು ಪರೀಕ್ಷಿಸಿ, ಆ ಆರ್ಡರಿಗೆ ಹಣ ಬಂತೆಂದು ದಾಖಲಿಸಿ, ಯಾವ ಹೊಸ ಕುಕಿಯನ್ನೂ ಕೊಡದೆ ಬ್ರೌಸರನ್ನು ತಾಣದ ರಸೀದಿ ಪುಟಕ್ಕೆ ಕಳಿಸಿಬಿಡಬೇಕು. ಆ ಎರಡನೆಯ ನೆಗೆತ ಫಾರ್ಮಿನ ಮೂಲಕ ಆಗುವುದಲ್ಲ, ಸಾಮಾನ್ಯ ಕೊಂಡಿಯಂತೆ ಆಗುವುದು. ಅದರ ಜೊತೆ ಕ್ರೋಮ್ ಹಳೆಯ ಕುಕಿಯನ್ನು ತಡೆಯದೆ ಕಳಿಸುತ್ತದೆ. ಹೊಲದಲ್ಲಿದ್ದ ಅಪ್ಪ ಓಟಿಪಿ ಹೇಳಲು ಮೂರು ನಿಮಿಷ ತೆಗೆದುಕೊಂಡರೂ ರಸೀದಿ ಬರುತ್ತದೆ. ಬ್ರೌಸರ್ ಮರಳದೇ ಹೋದ ದಿನಕ್ಕೆಂದು, ಗೇಟ್‌ವೇಯನ್ನು ತಾನಾಗಿ ಕೇಳಿ ಬಾಕಿ ಆರ್ಡರುಗಳ ಸ್ಥಿತಿಯನ್ನು ಸರಿಪಡಿಸುವ ಏರ್ಪಾಡೂ ತಾಣದಲ್ಲಿ ಇರಬೇಕು. ಹೊಸ ತಾಣ ಮಾಡಿಸುವ ಸಂಸ್ಥೆಗಳು ಹಣ ಕೊಡುವ ಮೊದಲು ಒಮ್ಮೆ ಪಾವತಿ ಮಾಡಿ, ಓಟಿಪಿ ಪುಟದಲ್ಲಿ ಬೇಕೆಂದೇ ಮೂರು ನಿಮಿಷ ಕಾದು, ಆಮೇಲೆ ಅಂಕಿ ಹಾಕಿ ನೋಡಲಿ. ರಸೀದಿ ಬಂದರೆ ಮಾತ್ರ ಬಿಲ್ಲಿಗೆ ಸಹಿ ಹಾಕಲಿ.